ಮಸ್ಕಿಯ ಮನೆಯ ಉಗುರುಬೆಚ್ಚನೆಯ ನೀರು

ನನ್ನ ಮಗ ಗುರುಬಸವ ತೀರಿಕೊಂಡ ಸುದ್ದಿ ಬಂದಾಗ ಅವನ ಹೆಂಡತಿ ವಿಜಯಶ್ರೀ ಸಿಂಧನೂರಿನ ನಮ್ಮ ಅಂಗಡಿಯಲ್ಲಿ, ಆರ್.ಎಚ್. ಕ್ಯಾಂಪಿನಿಂದ ಬಂದಿದ್ದ ಒಬ್ಬ ಗಿರಾಕಿಗೆ ನೀರು ಕಾಯಿಸುವ ಸೋಲಾರ್ ಟ್ಯಾಂಕುಗಳನ್ನು ತೋರಿಸುತ್ತಿದ್ದಳು. ನಾನು ಮೂಲೆಯ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಫೋನು ಬಂದದ್ದು ಲಿಂಗಸುಗೂರಿನಿಂದ. ಮಾತಾಡಿದವನು ದಾವಲ್‌ಸಾಬ್, ನನ್ನ ಮಗನ ಜೊತೆ ಬಹಳ ವರ್ಷ ಮನೆಮನೆಯ ಮಾಳಿಗೆ ಹತ್ತಿ ಪೈಪು ಜೋಡಿಸಿದ ಮೇಸ್ತ್ರಿ. ವಿಜಯಶ್ರೀ ಕೇಳಿಸಿಕೊಂಡಳು. ಗಿರಾಕಿಯ ಕಡೆ ತಿರುಗಿ, "ನಾಳೆ ಬರ್ರಿ ಅಣ್ಣಾರ" ಅಂದಳು. ಆಮೇಲೆ ನನ್ನ ಮುಂದೆ ಬಂದು ನೆಲದ ಮೇಲೆ ಕುಳಿತು, ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದಳು.

ಲಿಂಗಸುಗೂರಿನಲ್ಲಿ ಮಠದವರು ಓದುವ ಮಕ್ಕಳಿಗಾಗಿ ಹೊಸ ಪ್ರಸಾದನಿಲಯ ಕಟ್ಟಿಸಿದ್ದರು. ಅಲ್ಲಿ ಸೋಲಾರ್ ಕೂರಿಸಲು ಮಾಳಿಗೆಯ ಅಳತೆ ತೆಗೆಯಬೇಕೆಂದು ಗುರುಬಸವ ಬೆಳಿಗ್ಗೆಯೇ ಹೊರಟಿದ್ದ. ಅಳತೆ ತೆಗೆದು ಕೆಳಗಿಳಿದವನು ಎದೆ ಹಿಡಿದಂತಾಗುತ್ತದೆಂದು ಮೆಟ್ಟಿಲ ಮೇಲೆ ಕೂತನಂತೆ. ದವಾಖಾನೆಗೆ ಒಯ್ಯುವಷ್ಟರಲ್ಲಿ ಶಿವನ ಪಾದ ಸೇರಿದ್ದ.

ಮರುದಿನ ನಮ್ಮ ಹೊಲದಲ್ಲಿ, ಅವನ ತಾಯಿಯ ಸಮಾಧಿಯ ಪಕ್ಕದಲ್ಲಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕೂರಿಸಿ ಮಣ್ಣು ಕೊಟ್ಟೆವು. ಮಸ್ಕಿಯಿಂದ ನನ್ನ ಅಕ್ಕ ಅಂಬಮ್ಮ ಬಂದಿದ್ದಳು. ಅವಳ ಮಡಿಲಲ್ಲಿ ಆಡಿ ಬೆಳೆದ ಹುಡುಗ ಅವನು. ಅವಳು ಅಳಲಿಲ್ಲ, ಒಂದು ಹಿಡಿ ವಿಭೂತಿಯನ್ನು ತಾನೇ ಅವನ ಹಣೆಗೆ, ತೋಳಿಗೆ ಹಚ್ಚಿ, ಸೆರಗಿನಿಂದ ಅವನ ಮುಖ ಒರೆಸಿ ಹಿಂದೆ ಸರಿದಳು.

ಜಂಗಮರಿಗೆ ಊಟವಿಕ್ಕುವ ಗಣಾರಾಧನೆ ಮುಗಿದ ದಿನ ಸಂಜೆ ವಿಜಯಶ್ರೀ ನನ್ನ ಬಳಿ ಬಂದಳು.

"ಮಾವಾರ, ನಾಳಿಂದ ಅಂಗಡಿ ತೆಗೀತೀನಿ."

"ತೆಗಿಯವ್ವಾ."

"ಮಂದಿ ಏನರ ಅಂದ್ರ?"

"ಅಂದವರ ಮನ್ಯಾಗಿನ ನೀರು ಕಾದಿಲ್ಲಂದ್ರ ನಿನ್ನ ಹಂತ್ಯಾಕೇ ಬರ್ತಾರ. ತೆಗಿ."

ನಾನು ಹಟ್ಟಿಯ ಗಣಿಯ ಉಗ್ರಾಣದಲ್ಲಿ ದುಡಿದು ನಿವೃತ್ತನಾದವನು. ಪೈಪು, ವಾಲ್ವು, ಬೋಲ್ಟುಗಳ ಹೆಸರು ಗೊತ್ತು. ಅವು ಹೇಗೆ ಕೆಲಸ ಮಾಡುತ್ತವೆಂದು ಹೆಚ್ಚು ತಿಳಿಯದು. ಸೊಸೆಗೆ ಮಾತ್ರ ತಿಳಿದಿತ್ತು. ಗುರುಬಸವ ಊರೂರು ಸುತ್ತುವಾಗ ಅಂಗಡಿಯಲ್ಲಿದ್ದು ತಕರಾರಿನ ಫೋನುಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದವಳು ಅವಳೇ. ಯಾವ ನಲ್ಲಿಯಲ್ಲಿ ಎಂಥ ನೀರು ಬರುತ್ತದೆಂದು ಕೇಳಿಯೇ ಅರ್ಧ ರೋಗ ಹೇಳಿಬಿಡುತ್ತಿದ್ದಳು. ಆದರೆ ಮಾಳಿಗೆ ಹತ್ತಿದವಳಲ್ಲ. ಇನ್ನು ಹತ್ತಬೇಕಿತ್ತು.

ಅಂಗಡಿ ತೆಗೆದ ಕೆಲವೇ ದಿನಗಳಲ್ಲಿ ಅಂಬಮ್ಮನ ಮಗ ಶಿವಕಾಂತ ಬಂದ. ಅವನದು ಮಸ್ಕಿಯಲ್ಲಿ ಬೀಜ, ಗೊಬ್ಬರದ ದೊಡ್ಡ ವ್ಯಾಪಾರ. ಮಾತು ನೇರ, ಮನಸ್ಸು ಕೆಟ್ಟದಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟ.

"ಮಾಮಾ, ಹೇಳಾಕ ನಾಲಿಗಿ ಏಳವಲ್ದು. ಆದ್ರೂ ಹೇಳ್ತೀನಿ. ಭಾವ ನಮ್ಮ ಮನಿಗೆ ಕೂಡ್ಸಿದ್ ಸೋಲಾರ್ ಕಾಯವಲ್ದು. ಬಿಸಿಲು ನೋಡಿದ್ರ ಮಾಳಿಗಿ ಮ್ಯಾಲೆ ಕಾಲಿಡಾಕ ಆಗವಲ್ದು. ನಲ್ಲಿ ತಿರುವಿದ್ರ ಒಂದ್ ತಂಬಿಗಿ ಬೆಚ್ಚಗ ಬರ್ತೈತಿ, ಆಮ್ಯಾಲೆ ಬೋರಿನ ನೀರು ಬಂದಂಗ ತಣ್ಣಗ."

"ಮೀಟರ್ ಏನ್ ತೋರಸ್ತೈತಿ?" ಎಂದು ವಿಜಯಶ್ರೀ ಕೇಳಿದಳು.

"ಅದೇ ಮಜಾ ನೋಡಕ್ಕ. ಬಚ್ಚಲದಾಗಿನ ಮೀಟರ್ ಎಪ್ಪತ್ತು ತೋರಸ್ತೈತಿ. ಎಪ್ಪತ್ತರ ನೀರು ಮೈಮ್ಯಾಲೆ ಬಿದ್ರ ತೊಗಲು ಏಳಬೇಕು. ನಮಗ ಚಳಿ ಹತ್ತಾಕತ್ತೈತಿ."

ನಾನು, "ದಾವಲ್‌ಸಾಬನ್ನ ಕಳಸ್ತೀವಿ" ಎಂದೆ. ಅವನು ಏಳಲಿಲ್ಲ. ಇನ್ನೂ ಏನೋ ಹೇಳುವುದಿತ್ತು.

"ಲಿಂಗಸುಗೂರಿನ ಪ್ರಸಾದನಿಲಯದ ಕಮಿಟ್ಯಾಗ ನಾನೂ ಅದೀನಿ. ಬರೋ ಸೋಮವಾರ ಸಭಾ ಐತಿ. ಭಾವನ ಅಂಗಡಿಗೇ ಕೆಲಸ ಕೊಡ್ರಿ ಅಂತ ಹೇಳಿದಾವ ನಾನು. ಈಗ ಅವರು, ನಿಮ್ಮ ಮನ್ಯಾಗ ಹೆಂಗೈತ್ರೀ ಅಂತ ಕೇಳ್ತಾರ. ನಾ ಸುಳ್ಳ್ ಹೇಳಾವಲ್ಲ. ಅಷ್ಟ್ ಹುಡುಗ್ರು ಚಳ್ಯಾಗ ತಣ್ಣೀರು ಹಾಕ್ಕೊಂಡ್ರ ಪಾಪ ನನಗ ಬರ್ತೈತಿ."

ವಿಜಯಶ್ರೀಯ ಮುಖ ನೋಡಿದೆ. ಆ ಕೆಲಸ ಗುರುಬಸವ ಅಳತೆ ತೆಗೆದು ಬಿಟ್ಟುಹೋದ ಕೊನೆಯ ಕೆಲಸ. ಅದು ಕೈತಪ್ಪಿದರೆ, ಸ್ವಂತ ಸೋದರಳಿಯನ ಮನೆಯಲ್ಲೇ ನೀರು ಕಾಯದ ಅಂಗಡಿಯೆಂಬ ಮಾತು ಮಸ್ಕಿಯಿಂದ ಸಿಂಧನೂರಿನವರೆಗೆ ಬಸ್ಸಿಗಿಂತ ಬೇಗ ಬರುತ್ತಿತ್ತು. ಗಂಡನಿಲ್ಲದ ಹೆಣ್ಣುಮಗಳು ನಡೆಸುವ ಅಂಗಡಿ ಮುಚ್ಚಲು ಆ ಮಾತೊಂದೇ ಸಾಕಾಗುತ್ತಿತ್ತು. ಅವಳಿಗೂ ಅದು ಗೊತ್ತಿತ್ತು.

"ಸೋಮವಾರದೊಳಗ ನಿಮ್ಮ ಮನಿ ನೀರು ಕಾಯ್ತಾವ" ಅಂದಳು. "ನೀವು ಇದ್ದದ್ದ ಇದ್ದಂಗ ಹೇಳ್ರಿ. ನಾವೇನ್ ಸುಳ್ಳ್ ಹೇಳ್ರಿ ಅನ್ನಂಗಿಲ್ಲ."

ಎರಡನೆಯ ದಿನವೇ ನಾನು, ವಿಜಯಶ್ರೀ, ದಾವಲ್‌ಸಾಬ್ ಮೂವರೂ ಮಸ್ಕಿಗೆ ಹೋದೆವು. ಏಣಿ ನಾನು ಹಿಡಿದುಕೊಂಡೆ. ವಿಜಯಶ್ರೀ ಸೆರಗು ಸೊಂಟಕ್ಕೆ ಬಿಗಿದು ನಿಧಾನವಾಗಿ ಹತ್ತಿದಳು. ಕೆಳಗಿನಿಂದ ಅಂಬಮ್ಮ, "ಹೆಣ್ಣುಮಗಳನ್ನ ಮಾಳಿಗಿ ಹತ್ತಸ್ತೀಯಲ್ಲೋ ಸೂಗಾ" ಎಂದು ಗದರಿದಳು. "ಹತ್ತಲಿ ಬಿಡಕ್ಕ, ನೀನೂ ಬೇವಿನ ಗಿಡ ಹತ್ತಿ ಅಪ್ಪನ ಕೈಲಿ ಹೊಡಿಸ್ಕೊಂಡಾಕಿ" ಎಂದೆ. ಅವಳು ನಗು ಕಾಣದಂತೆ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಹೋದಳು. ಆಮೇಲೆ ನಾನೂ ಮೇಲೆ ಹೋದೆ.

ಆ ಸಲಕರಣೆಯ ಕೆಲಸ ಸರಳವಾದದ್ದು; ಅಂದು ಸೊಸೆ ಹೇಳಿಕೊಟ್ಟ ಮೇಲೆ ನನಗೂ ತಿಳಿಯಿತು. ಇಳಿಜಾರಾಗಿ ಇಟ್ಟ ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ತಗಡು, ಅದಕ್ಕೆ ಅಂಟಿದ ತಾಮ್ರದ ಸಣ್ಣ ಕೊಳವೆಗಳು. ಅದರ ಹಿಂದೆ ಎತ್ತರದಲ್ಲಿ ಟ್ಯಾಂಕು. ಟ್ಯಾಂಕಿನ ತಳದ ತಣ್ಣೀರು ಒಂದು ಪೈಪಿನಲ್ಲಿ ಇಳಿದು ಪೆಟ್ಟಿಗೆಯ ಕೆಳಬದಿ ಸೇರುತ್ತದೆ. ಬಿಸಿಲಿಗೆ ಕಾದ ನೀರು ಹಗುರಾಗಿ ಮೇಲೇರಿ, ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಹಗಲೆಲ್ಲ ನೀರು ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಆ ತಿರುಗಾಟದ ಬಲ ಬಹಳ ಸಣ್ಣದು. ಸಣ್ಣ ಅಡ್ಡಿ ಬಂದರೂ ನಿಂತುಬಿಡುತ್ತದೆ.

ದಾವಲ್‌ಸಾಬ್ ಮೊದಲು ಮೀಟರಿನ ತಂತಿ ಹಿಡಿದುಕೊಂಡು ಹೋದ. ಅದರ ತುದಿಯ ಸೆನ್ಸರ್ ಟ್ಯಾಂಕಿನ ಮೈಯಲ್ಲಿರುವ ಸಣ್ಣ ಗೂಡಿನಲ್ಲಿರಬೇಕು. ಗೂಡು ಖಾಲಿಯಿತ್ತು. ಸೆನ್ಸರ್ ಜಾರಿಬಿದ್ದು ಪಕ್ಕದ ತಗಡಿನ ಮೇಲೆ ಬಿಸಿಲಿಗೆ ಬಿದ್ದಿತ್ತು.

"ನೋಡ್ರಿ ಕಾಕಾರ, ಇಷ್ಟ್ ದಿನ ಇದು ತಗಡಿನ ಕಾವು ಹೇಳಾಕತ್ತಿತ್ತು, ನೀರಿಂದಲ್ಲ" ಎಂದು ಅದನ್ನು ಗೂಡಿಗೆ ತುರುಕಿ ಬಿಗಿ ಮಾಡಿದ. ಕೆಳಗೆ ಬಚ್ಚಲಲ್ಲಿ ನಿಂತಿದ್ದ ಶಿವಕಾಂತ ಸ್ವಲ್ಪ ಹೊತ್ತಿಗೆ ಕೂಗಿ ಹೇಳಿದ:

"ಮೀಟರ್ ಮೂವತ್ತಾರಕ್ಕಿಳೀತು. ಮೊದ್ಲು ನೀರಷ್ಟೇ ತಣ್ಣಗಿತ್ತು, ಈಗ ಮೀಟರೂ ತಣ್ಣಗಾತು. ಬೇಷ್ ರಿಪೇರಿ."

"ಸುಳ್ಳ್ ಹೇಳೋದು ಬಿಡ್ತಲ್ಲಪ್ಪ, ಅದೂ ರಿಪೇರಿನ" ಎಂದೆ ನಾನು.

ಮೋಡದ ದಿನಗಳಿಗಾಗಿ ಟ್ಯಾಂಕಿನಲ್ಲಿ ಕರೆಂಟಿನ ಕಾಯಿಲ್ ಕೂಡ ಇರುತ್ತದೆ. ನೀರು ತಣ್ಣಗಿದ್ದರೆ ಸಂಜೆ ಅದು ತಾನಾಗಿಯೇ ಹೊತ್ತಿಕೊಳ್ಳಬೇಕು. ಸೆನ್ಸರ್ ಎಪ್ಪತ್ತೆಂದು ಹೇಳುತ್ತಿದ್ದುದರಿಂದ ಅದೂ ಸುಮ್ಮನಿತ್ತು. ವಿಜಯಶ್ರೀ ಅದರ ಸ್ವಿಚ್ಚನ್ನು ಪೂರ್ತಿ ಬಂದ್ ಮಾಡಿಸಿದಳು. "ಬಿಸಿಲು ಎಷ್ಟು ಕಾಯಸ್ತೈತಿ ಅಂತ ಗೊತ್ತಾಗಬೇಕು. ಕರೆಂಟಿಲೆ ಕಾಸಿ ನಿಮಗ ಭರೋಸಾ ಕೊಟ್ರ ಅದು ಮೋಸ ಆಗ್ತೈತಿ" ಅಂದಳು.

ಆಮೇಲೆ ಅವಳು ಪೈಪುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಗಾಜಿನ ಪೆಟ್ಟಿಗೆಯ ಮೇಲ್ತುದಿಯ ಪೈಪು ಬೆರಳಿಡಲಾಗದಷ್ಟು ಸುಡುತ್ತಿತ್ತು. ಅದೇ ಪೈಪು ಟ್ಯಾಂಕು ಸೇರುವ ಜಾಗದಲ್ಲಿ ತಣ್ಣಗಿತ್ತು.

"ಕಾಯೋದು ಕಾಯಾಕತ್ತೈತಿ. ಕಾದದ್ದು ಟ್ಯಾಂಕಿಗೆ ಹೋಗವಲ್ದು" ಅಂದಳು.

"ಉಪ್ಪು ಹಿಡದೈತಿ ಅಕ್ಕಾರ" ಎಂದ ದಾವಲ್‌ಸಾಬ್. "ಇಲ್ಲಿ ಬೋರಿನ ನೀರು ನಾಲಿಗಿ ಮ್ಯಾಲಿಟ್ರ ಗೊತ್ತಾಗ್ತೈತಿ. ಕೊಳವಿ ಒಳಗ ಸುಣ್ಣದಂಗ ಕಟ್ಟಿರ್ತೈತಿ."

ಅವನ ಮಾತಿನಲ್ಲಿ ಅರ್ಥವಿತ್ತು. ಬಚ್ಚಲಿನ ಕೊಡಪಾನಗಳ ಅಂಚಿಗೂ ಬಿಳಿ ಪದರು ಕಟ್ಟಿತ್ತು. ನೀರು ಇಳಿಸಿ, ಸಣ್ಣ ಪಂಪಿನಿಂದ ಆಮ್ಲ ಬೆರೆಸಿದ ನೀರನ್ನು ಕೊಳವೆಗಳಲ್ಲಿ ತಿರುಗಿಸಿದ. ಅದು ನೊರೆಯಾಗಿ, ಬಿಳಿ ಚಕ್ಕೆಗಳನ್ನು ಹೊತ್ತು ಹೊರಗೆ ಬಂತು. ತಿಳಿಯಾಗುವವರೆಗೆ ಒಳ್ಳೆಯ ನೀರು ಹಾಯಿಸಿ ತೊಳೆದ. ಮಧ್ಯಾಹ್ನದ ಬಿಸಿಲಲ್ಲೇ ಮತ್ತೆ ಟ್ಯಾಂಕು ತುಂಬಿಸಿದ.

ಬಿಸಿನೀರು ಮರಳುವ ಪೈಪಿನ ನಡುವೆ ಒಂದು ಇಟ್ಟಿಗೆ ಆಸರೆಯಾಗಿತ್ತು. ಪೈಪು ಅದರ ಮೇಲೆ ಮಲಗಿದಂತಿತ್ತು. ದಾವಲ್‌ಸಾಬ್ ಅದನ್ನು ಸರಿಸಲು ಕೈಹಾಕಿ, ಹಾಗೇ ಹಿಂದಕ್ಕೆ ತೆಗೆದುಕೊಂಡ.

"ಈ ಮನಿ ಕೆಲಸಕ್ಕ ನಾ ಬಂದಿದ್ದಿಲ್ಲ. ಗುರುಬಸವಣ್ಣನೇ ಇನ್ನೊಬ್ಬ ಕೆಲಸದ ಹುಡುಗ ಭೀಮೇಶನ್ನ ಕರ್ಕೊಂಡ್ ಮಾಡಿದ್ದ. ಏನೋ ಲೆಕ್ಕ ಹಾಕಿ ಇಟ್ಟಾನ. ಇರಲಿ."

ನಾನೂ ಇರಲಿ ಎಂದೆ. ವಿಜಯಶ್ರೀ ಆ ಇಟ್ಟಿಗೆಯನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ನನ್ನ ಮಗ ಮುಟ್ಟಿ ಇಟ್ಟದ್ದೆಂದು ತಿಳಿದ ವಸ್ತುವನ್ನು ಕದಲಿಸಲು ನಮ್ಮ ಮೂವರಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.

ಊಟಕ್ಕೆ ಕೂತಾಗ ಅಂಬಮ್ಮ ರೊಟ್ಟಿ ಹಾಕುತ್ತ ಮೆಲ್ಲಗೆ ಹೇಳಿದಳು:

"ಸೂಗಾ, ಇದು ಪೈಪಿಂದಲ್ಲೋ. ಹುಡುಗ ಹೋದ ದಿನದಿಂದನ ನೀರು ಕಾಯವಲ್ದು. ಅವನ ಜೀವಕ್ಕ ಏನೋ ತಳಮಳ ಐತಿ. ಆ ಲಿಂಗಸುಗೂರಿನ ಕೆಲಸ ಅರ್ಧಕ್ಕ ಬಿಟ್ಟ್ ಹೋದ ನೋಡು."

"ಶಿವನ ಹಂತ್ಯಾಕ ಹೋದಾವ ನಿನ್ನ ಬಚ್ಚಲದಾಗ ಬಂದು ಯಾಕ ಕೂಡ್ತಾನಕ್ಕ? ಬ್ಯಾಳಿ ನೀಡು" ಎಂದೆ.

ಹಾಗೆಂದೆನಾದರೂ ಅವಳ ಮಾತು ನನ್ನ ಎದೆಯಲ್ಲಿ ಉಳಿಯಿತು. ಶಿವನಲ್ಲಿ ನನಗೆ ಸಂಶಯವಿಲ್ಲ. ಆದರೆ ಮಗನನ್ನು ಮಣ್ಣಿಗೆ ಕೊಟ್ಟ ತಂದೆಗೆ, ಅವನು ನೆಮ್ಮದಿಯಿಂದಿಲ್ಲ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಕೊಡವಿಕೊಳ್ಳುವುದು ಸುಲಭವಲ್ಲ.

ಮುಂದಿನ ಎರಡು ದಿನ ಬಿಸಿಲು ಚೆನ್ನಾಗಿತ್ತು. ಶನಿವಾರ ಬೆಳಿಗ್ಗೆ ಶಿವಕಾಂತ ಫೋನು ಮಾಡಿದ. ವಿಜಯಶ್ರೀ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಅಕ್ಕ, ಏನೂ ಫರಕಿಲ್ಲ. ನನ್ನ ಹೆಂಡ್ತಿ ಒಲಿ ಮ್ಯಾಲೆ ನೀರು ಕಾಸಾಕತ್ಯಾಳ. ನಾ ಒಂದ್ ಮಾತು ಅಂತೀನಿ, ಸಿಟ್ಟಾಗಬ್ಯಾಡ. ಭಾವ ಬಂಗಾರದಂಥ ಮನಷ್ಯಾ. ಆದ್ರ ಈ ಒಂದ್ ಮನ್ಯಾಗ ಅವನ ಕೈ ತಪ್ಪೈತಿ, ಇಷ್ಟ್ ದಿನ ಹೆಂಗೋ ಕಾದು ಈಗ ಹೊರಗ ಬಿದ್ದೈತಿ. ಅವಸರ ಮಾಡ್ಯಾನ."

ವಿಜಯಶ್ರೀ ಸಿಟ್ಟಾಗಲಿಲ್ಲ. "ಅವರು ಅವಸರ ಮಾಡಾವರಲ್ಲ. ಇವತ್ತು ಬರ್ತೀವಿ, ಅಲ್ಲೇ ಇರ್ತೀವಿ. ನೀರು ಕಾದ ಮ್ಯಾಲೇ ನಾ ಸಿಂಧನೂರಿಗೆ ಬರಾಕಿ" ಅಂದಳು.

ದಾವಲ್‌ಸಾಬ್ ಕಲ್ಲಿನಂತೆ ಕೂತಿದ್ದ. "ನನ್ನ ಬೈದ್ರ ನುಂಗ್ತೀನ್ರೀ ಕಾಕಾರ. ಹೋದಾವನ ಕೆಲಸಕ್ಕ ಹೆಸರಿಟ್ರ ಹೆಂಗ ನುಂಗ್ಲಿ" ಎಂದ.

ಮಸ್ಕಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ವಿಜಯಶ್ರೀ ಈ ಸಲ ನೇರವಾಗಿ ಮಾಳಿಗೆಗೆ ಹೋಗಲಿಲ್ಲ. ಅಂಬಮ್ಮನ ಪಕ್ಕದಲ್ಲಿ, ಪಡಸಾಲೆಯಲ್ಲಿ ಕೂತಳು.

"ಅತ್ತ್ಯಾರ, ಅವತ್ತು ನೀವು ಅಂದ್ರಿ, ಅವರು ಹೋದ ದಿನದಿಂದನ ಕಾಯವಲ್ದು ಅಂತ. ಅದಕ್ಕ ಹಿಂದಿನ ದಿನ ಕಾದಿತ್ತ?"

"ಕಾದಿತ್ತವ್ವ. ಹಿಂದಿನ ದಿನ ಸುಡಾ ಸುಡಾ ನೀರು ಹಾಕ್ಕೊಂಡೀನಿ."

"ಆ ದಿನ ಮನ್ಯಾಗ ಏನೇನ್ ಮಾಡಿದ್ರಿ, ಒಂದೂ ಬಿಡದಂಗ ಹೇಳ್ರಿ."

"ಏನ್ ಮಾಡೋದವ್ವ. ಸುದ್ದಿ ಬಂತು. ನಿಮ್ಮಲ್ಲಿಗೆ ಹೊರಡೋಕಿಂತ ಮೊದ್ಲು ಮನ್ಯಾಗಿನ ನೀರೆಲ್ಲ ಚಲ್ಲಸಿದೆ. ಕೊಡ, ಹಂಡೆ, ಮಾಳಿಗಿ ಮ್ಯಾಲಿನ ಟಾಕಿ, ಎಲ್ಲಾ. ತವರುಮನಿ ಕುಡಿ ಹೋದ ಮ್ಯಾಲೆ ಹಳೇ ನೀರು ಇಟ್ಕೊಂಡು ಹೆಂಗಿರ್ಲಿ?"

ಲಿಂಗ ಕಟ್ಟಿದವರಿಗೆ ಸಾವಿನ ಸೂತಕವಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆದರೂ ಸಾವಿನ ಸುದ್ದಿ ಕೇಳಿದ ಮನೆಯಲ್ಲಿ ತುಂಬಿಟ್ಟ ನೀರನ್ನು ಚೆಲ್ಲಿ ಹೊಸ ನೀರು ತುಂಬುವ ರೂಢಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಳಿದಿದೆ. ನಮ್ಮ ಮನೆಯಲ್ಲೂ ಕೊಡಗಳನ್ನು ಬರಿದು ಮಾಡಿದ್ದೆವು. ಮಾಳಿಗೆಯ ಮೇಲಿನ ಟ್ಯಾಂಕು ನಮಗೆ ನೆನಪಾಗಿರಲಿಲ್ಲ. ನನ್ನ ಅಕ್ಕ ಏನನ್ನೂ ಅರ್ಧ ಮಾಡುವವಳಲ್ಲ.

"ಸೋಲಾರ್ ನೀರನ್ನೂ ಚಲ್ಲಸಿದ್ರೇನು?" ಎಂದಳು ವಿಜಯಶ್ರೀ.

"ಮತ್ತ? ಅದು ನೀರಲ್ಲೇನವ್ವ? ದುರುಗಪ್ಪಗ ಹೇಳಿದೆ, ಒಂದು ಹನಿ ಉಳೀಬಾರದು ಅಂತ."

ದುರುಗಪ್ಪ ಆ ಮನೆಯ ಹಳೆಯ ಆಳು. ಕೊಟ್ಟಿಗೆಯಲ್ಲಿದ್ದವನನ್ನು ಕರೆಸಿದರು. ನಾವು ಹಿಂದಿನ ಸಲ ಬಂದಾಗ ಅವನು ಭತ್ತದ ಕೆಲಸಕ್ಕೆಂದು ಮುಕ್ಕುಂದಕ್ಕೆ ಹೋಗಿದ್ದ. ತಲೆಯ ವಸ್ತ್ರ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಆ ದಿನ ಸೋಲಾರ್ ನೀರು ಹೆಂಗ ಇಳಿಸಿದಿ ದುರುಗಪ್ಪ?"

"ಕೆಳಗಿನ ನಲ್ಲಿ ಬಿಚ್ಚಿದೆನ್ರೀ. ಟಾಕಿ ಖಾಲಿ ಆತು. ಆದ್ರ ಆ ಮ್ಯಾಲಿನ ಪೈಪಿನಾಗ ಒಂದೀಟು ಉಳದಿರ್ತೈತಿ ಅಂತ ನನಗ ಸಂಶೆ ಬಂತು. ಅವ್ವಾರು ಹನಿ ಉಳೀಬಾರದು ಅಂದಿದ್ರು. ಅದಕ ನಡುವ ಎತ್ತಿ ಹಿಡದು, ಕೆಳಗ ಇಟ್ಟಂಗಿ ಕೊಟ್ಟೆ. ಆ ಕಡಿ ಅರ್ಧ, ಈ ಕಡಿ ಅರ್ಧ ಹರದು ಹೋಗಲಿ ಅಂತ."

"ಒಂದು ತಂತಿ ಇತ್ತಲ್ಲ?"

"ಅದು ಅಡ್ಡ ಬಂತ್ರೀ. ಜಗ್ಗಿ ಬಾಜೂಕ ಸರಿಸಿದೆ."

"ಇಟ್ಟಂಗಿ ತಗದ್ಯಾ?"

"ಇಲ್ರೀ. ಕೆಳಗ ಗಾಡಿ ನಿಂತಿತ್ತು, ಎಲ್ಲಾರೂ ಅಳಾಕತ್ತಿದ್ರು. ನೀರು ತುಂಬಾಕ ಬಿಟ್ಟು ಇಳದೆ. ಮರತೆ."

ದಾವಲ್‌ಸಾಬ್ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ.

"ಅವನು ಇಟ್ಟದ್ದಲ್ಲ ಅದು" ಎಂದ. "ಅವನು ಇಟ್ಟಾನ ಅಂತ ನಾ ಕೈಮುಗದು ಬಿಟ್ಟ್ ಬಂದೆ. ಪೈಪು ಎತ್ತಿದಲ್ಲಿ ಗಾಳಿ ಕೂಡ್ತೈತಿ ಅಂತ ನನಗೇ ಕಲಿಸಿದಾವ ಅವನು."

ವಿಜಯಶ್ರೀ ಎಲ್ಲರಿಗೂ ತಿಳಿಯುವಂತೆ ಹೇಳಿದಳು. ಆ ಪೈಪು ಗಾಜಿನ ಪೆಟ್ಟಿಗೆಯಿಂದ ಟ್ಯಾಂಕಿನವರೆಗೆ ಒಂದೇ ಸಮ ಏರುತ್ತ ಹೋಗಬೇಕು. ಹಾಗಿದ್ದರೆ ಒಳಗಿನ ಗಾಳಿ ತಾನೇ ಮೇಲೇರಿ, ಟ್ಯಾಂಕಿನ ಉಸಿರುಕೊಳವೆಯಿಂದ ಹೊರಗೆ ಹೋಗುತ್ತದೆ. ನಡುವೆ ಗೂನು ಬಂದರೆ ಗಾಳಿ ಆ ಗೂನಿನಲ್ಲೇ ಸಿಕ್ಕಿಕೊಳ್ಳುತ್ತದೆ. ಖಾಲಿ ಕೊಳವೆಗಳಿಗೆ ನೀರು ಬಿಟ್ಟಾಗ ಗಾಳಿ ಅಲ್ಲಿ ಸೇರಿತು. ಕಾದ ನೀರು ಅದನ್ನು ದಾಟಿ ಹೋಗುವಷ್ಟು ಬಲವಿಲ್ಲದೆ ಪೆಟ್ಟಿಗೆಯಲ್ಲೇ ನಿಂತಿತು. ಉಪ್ಪು ತೊಳೆದು ಮತ್ತೆ ತುಂಬಿದಾಗಲೂ ಗೂನು ಹಾಗೇ ಇದ್ದುದರಿಂದ ಗಾಳಿ ಮತ್ತೆ ಅಲ್ಲೇ ಬಂದು ಕೂತಿತು.

ಅಂಬಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಅಂದ್ರ ಹುಡುಗನ ಜೀವದ್ದಲ್ಲ. ನಾ ಚಲ್ಲಸಿದ್ ನೀರಿಂದನ ಆತು."

"ನೀವು ಪ್ರೀತಿಲೆ ಮಾಡಿದ್ದು ಅತ್ತ್ಯಾರ."

ದುರುಗಪ್ಪ ಅಳುವ ಮುಖ ಮಾಡಿದ್ದ. ಶಿವಕಾಂತ ಅವನ ಕಡೆ ತಿರುಗಿ, "ಹನಿ ಉಳೀಬಾರದು ಅಂದ್ರ ನೀ ಗಾಳೀನೂ ತುಂಬಿಟ್ಟ್ ಬಂದೀ ನೋಡಲೇ" ಎಂದ. ದುರುಗಪ್ಪನೂ ನಕ್ಕ. ಬಹಳ ದಿನಗಳ ಮೇಲೆ ಆ ಪಡಸಾಲೆಯಲ್ಲಿ ನಗು ಕೇಳಿಸಿತು.

ದಾವಲ್‌ಸಾಬ್ ಆಗಲೇ ಮಾಳಿಗೆ ಹತ್ತಲು ಎದ್ದ. ವಿಜಯಶ್ರೀ ತಡೆದಳು. ಗಾಜಿನ ಪೆಟ್ಟಿಗೆ ದಿನವೆಲ್ಲ ಕಾದಿದೆ. ಕೊಳವೆ ಸುಡುವಾಗ ನೀರು ಬಿಟ್ಟರೆ ಒಳಗೆ ಉಗಿ ಏಳುತ್ತದೆ, ಗಾಳಿ ಪೂರ್ತಿ ಹೊರಡುವುದಿಲ್ಲ, ಮೈಮೇಲೆ ಸಿಡಿದರೆ ಅಪಾಯವೂ ಹೌದು. ಬೆಳಿಗ್ಗೆ ಬಿಸಿಲೇರುವ ಮೊದಲು ಮಾಡೋಣ ಎಂದಳು. ಅಂದು ಅಲ್ಲೇ ಉಳಿದೆವು.

ಭಾನುವಾರ ಮೂಡಣ ಕೆಂಪಾಗುವಾಗ ಎಲ್ಲರೂ ಮೇಲಿದ್ದೆವು. ಮಸ್ಕಿಯ ಬೆಟ್ಟ ಇನ್ನೂ ಕಪ್ಪಗಿತ್ತು. ಗುಡಿಯ ಗಂಟೆ ಕೇಳುತ್ತಿತ್ತು. ಸೂರ್ಯ ಬಂದರೂ ಪೆಟ್ಟಿಗೆ ಕಾಯದಂತೆ ದುರುಗಪ್ಪ ಗಾಜಿನ ಮೇಲೆ ಹಳೆಯ ಕಂಬಳಿ ಹೊದಿಸಿದ. ದಾವಲ್‌ಸಾಬ್ ಕೆಳಗಿನ ನಲ್ಲಿ ಬಿಚ್ಚಿ ಪೆಟ್ಟಿಗೆಯ ನೀರನ್ನೂ ಟ್ಯಾಂಕಿನ ನೀರನ್ನೂ ಇಳಿಸಿದ. ಇಟ್ಟಿಗೆ ತೆಗೆದ. ಪೈಪಿನ ಉದ್ದಕ್ಕೂ ದಾರ ಹಿಡಿದು, ಒಂದೇ ಸಮ ಏರುವಂತೆ ಮಾಡಿ, ಟ್ಯಾಂಕಿನ ಕಾಲಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿದ. ಸೆನ್ಸರಿನ ತಂತಿಯನ್ನೂ ಯಾರ ಕೈಗೂ ಅಡ್ಡ ಬಾರದಂತೆ ಕಟ್ಟಿದ. ಉಸಿರುಕೊಳವೆಯ ಬಾಯಿ ತೆರೆದಿದೆಯೇ ಎಂದು ವಿಜಯಶ್ರೀ ಸ್ವತಃ ನೋಡಿದಳು. ಅದು ತೆರೆದಿತ್ತು.

ಆಮೇಲೆ ಅವಳೇ ತಣ್ಣೀರಿನ ವಾಲ್ವನ್ನು ಸ್ವಲ್ಪವೇ ತಿರುಗಿಸಿದಳು. ನೀರು ಮೆಲ್ಲಗೆ ಏರತೊಡಗಿತು. ಪೈಪು ಟ್ಯಾಂಕು ಸೇರುವ ಕಡೆಯ ಜೋಡಣೆಯನ್ನು ದಾವಲ್‌ಸಾಬ್ ಅರ್ಧ ಸುತ್ತು ಸಡಿಲಿಸಿದ. ಮೊದಲು ಏನೂ ಇಲ್ಲ. ಆಮೇಲೆ ಹುಸ್ಸೆಂಬ ಸದ್ದು. ಅದರ ಹಿಂದೆ ಗಾಳಿ ಬೆರೆತ ನೀರು ಕೆಮ್ಮಿದಂತೆ ಉಗುಳುತ್ತ ಬಂತು. ಅವನು ಕಾದ. ಉಗುಳುವುದು ನಿಂತು, ನೀರು ಒಂದೇ ಧಾರೆಯಾಗಿ ಸುರಿಯಿತು. ಬಿಗಿದ. ಟ್ಯಾಂಕು ಪೂರ್ತಿ ತುಂಬುವವರೆಗೆ ಯಾರೂ ಕೆಳಗಿಳಿಯಲಿಲ್ಲ. ಕಂಬಳಿ ತೆಗೆದಾಗ ಬಿಸಿಲು ಗಾಜಿನ ಮೇಲೆ ಬಿತ್ತು.

"ಇನ್ನ ನಲ್ಲಿ ಮುಟ್ಟಬ್ಯಾಡ್ರಿ. ಸಂಜೀತನಕ ಬಿಡ್ರಿ" ಅಂದಳು.

ಶಿವಕಾಂತನಿಗೆ ಅಷ್ಟು ತಾಳ್ಮೆಯಿರಲಿಲ್ಲ. ನಲ್ಲಿ ಮುಟ್ಟಲಿಲ್ಲ, ಆದರೆ ಅಂಗಡಿಯಿಂದ ಮತ್ತೆ ಮತ್ತೆ ಬಂದು ಬಚ್ಚಲಿನ ಮೀಟರ್ ನೋಡಿ ಹೋದ. ಮಧ್ಯಾಹ್ನ ವಿಜಯಶ್ರೀ ಮಾಳಿಗೆಗೆ ಹೋಗಿ, ಪೈಪು ಟ್ಯಾಂಕು ಸೇರುವ ಜಾಗದಲ್ಲಿ ಬೆರಳಿಟ್ಟು, ಥಟ್ಟನೆ ಹಿಂದಕ್ಕೆ ತೆಗೆದಳು. ಅಲ್ಲಿಯೂ ಸುಡುತ್ತಿತ್ತು. ಅವಳು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು, ನಮಗೆ ಬೆನ್ನು ಮಾಡಿ ಬೆಟ್ಟದ ಕಡೆ ನೋಡುತ್ತ ನಿಂತಳು. ಗಂಡ ಹೋದ ದಿನವೂ ಎಲ್ಲರೆದುರು ಗಟ್ಟಿಯಾಗಿದ್ದವಳ ಭುಜ ಅಂದು ಅಲುಗುವುದನ್ನು ಕಂಡೆ. ನಾನು ಹತ್ತಿರ ಹೋಗಲಿಲ್ಲ. ಅವಳಿಗೆ ಆ ಹೊತ್ತು ಬೇಕಾಗಿತ್ತು.

ಸಂಜೆ ಮೀಟರ್ ಐವತ್ತೆಂಟು ತೋರಿಸಿತು. ಶಿವಕಾಂತ ನಲ್ಲಿ ತಿರುವಿ ಅಂಗೈಯೊಡ್ಡಿದ. ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಬಂತು. ಅದರ ಹಿಂದೆ ಬಂದದ್ದಕ್ಕೆ ಕೈ ಎಳೆದುಕೊಂಡ. ಬಕೆಟ್ಟು ತುಂಬಿತು, ಮತ್ತೊಂದು ತುಂಬಿತು, ಬಿಸಿ ಕುಂದಲಿಲ್ಲ. ಕಾಯಿಲಿನ ಸ್ವಿಚ್ ಬಂದ್ ಇದೆಯೇ ಎಂದು ತಾನೇ ಹೋಗಿ ನೋಡಿ ಬಂದ. ಬಂದ್ ಇತ್ತು.

"ಅಕ್ಕ, ನಾ ಫೋನಿನಾಗ ಅಂದದ್ದು ಹಿಂದಕ್ಕ ತಗೊಂತೀನಿ" ಎಂದ. "ಭಾವನ ಕೈ ತಪ್ಪಿಲ್ಲ."

"ನಾಳಿ ಸಭಾದಾಗ ಏನ್ ಹೇಳ್ತೀರಿ?"

"ಇದ್ದದ್ದ ಇದ್ದಂಗ. ನನ್ನ ಮನ್ಯಾಗ ಕೆಟ್ಟಿತ್ತು, ಕೆಡಿಸಿದಾವ್ರು ನಾವು. ಅಂಗಡಿಯಾಕಿ ಬಂದು, ಕೂತು, ಕಾರಣ ಹುಡುಕಿ ಸರಿ ಮಾಡಿ ಹೋದ್ಲು. ಹಾಕಿ ಹೋಗಾವ್ರು ಭಾಳ ಮಂದಿ ಸಿಗ್ತಾರ, ಹಿಂಗ ತಿರುಗಿ ಬರಾವ್ರು ಸಿಗಂಗಿಲ್ಲ ಅಂತೀನಿ."

"ಅಳತಿ ಮತ್ತ ತಗಿಯೋದು ಬ್ಯಾಡ" ಎಂದ ದಾವಲ್‌ಸಾಬ್. "ಅಣ್ಣ ತಗದದ್ದು ನನ್ನ ತಲ್ಯಾಗ ಐತಿ."

"ನಾ ಒಮ್ಮಿ ನೋಡ್ತೀನಿ" ಅಂದಳು ವಿಜಯಶ್ರೀ. "ಅವರು ತಗದದ್ದೇ ಇರ್ಲಿ, ನಾ ನೋಡೇ ಕೆಲಸ ಹಿಡಿಯಾಕಿ."

ದಾವಲ್‌ಸಾಬ್ ಅವಳನ್ನು ಒಮ್ಮೆ ನೋಡಿ, "ಹಂಗ ಆಗಲಿ ಅಕ್ಕಾರ" ಎಂದ. ಅಂದಿನಿಂದ ಅಂಗಡಿಯ ಯಜಮಾನಿ ಯಾರೆಂಬುದು ನಮ್ಮ ಮೂವರಿಗೂ ಸ್ಪಷ್ಟವಾಯಿತು. ಸೋಮವಾರ ಪ್ರಸಾದನಿಲಯದ ಕೆಲಸ ಅವಳಿಗೇ ಬಂತು.

ಭಾನುವಾರ ಸಂಜೆಯದು ಇನ್ನೊಂದು ಮಾತಿದೆ. ಅಂಬಮ್ಮ ಬಿಸಿನೀರು ತುಂಬಿ ನನ್ನನ್ನು ಬಚ್ಚಲಿಗೆ ಕಳಿಸಿದಳು. "ಮೈತುಂಬ ಹಾಕ್ಕೊಳ್ಳೋ ಸೂಗಾ. ಹುಡುಗ ಹೋದಾಗಿಂದ ನೀ ನೆಟ್ಟಗ ಸ್ನಾನ ಮಾಡಿಲ್ಲ, ನನಗ ಗೊತ್ತೈತಿ" ಎಂದಳು. ನಿಜ. ಮಣ್ಣು ಕೊಟ್ಟ ದಿನದಿಂದ ಎರಡು ಚೊಂಬು ಸುರಿದುಕೊಂಡು ಎದ್ದು ಬರುತ್ತಿದ್ದೆ. ಅಂದು ಕೂತು, ತಲೆಯ ಮೇಲೆ, ಬೆನ್ನ ಮೇಲೆ, ಮೊಣಕಾಲ ಮೇಲೆ ಸಾಕಷ್ಟು ನೀರು ಹಾಕಿಕೊಂಡೆ. ಉಗಿಯಲ್ಲಿ ಕಣ್ಣು ಮಂಜಾಯಿತು. ಈ ನೀರು ಅವನು ಜೋಡಿಸಿದ ಕೊಳವೆಗಳಲ್ಲಿ ಹರಿದು ಬಂದದ್ದು. ಅವನ ಕೆಲಸದಲ್ಲಿ ಕುಂದಿಲ್ಲ. ಅವನ ಜೀವಕ್ಕೆ ಇಲ್ಲಿ ಬಿಟ್ಟುಹೋದ ತಳಮಳವೂ ಇಲ್ಲ. ಅಕ್ಕನಿಗೆ ಧೈರ್ಯ ಹೇಳಲು ಅಂದು ಊಟದ ಮುಂದೆ ಆಡಿದ ಮಾತು ನಿಜವೆಂದೇ ಈಗ ನನಗೂ ಅನ್ನಿಸಿತು.

ಮಡಿಯುಟ್ಟು ಪಡಸಾಲೆಯಲ್ಲಿ ಕೂತೆ. ಹಣೆಗೆ ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಪತ್ರೆ ಏರಿಸಿದೆ. ಅಂಬಮ್ಮ, ಶಿವಕಾಂತ, ವಿಜಯಶ್ರೀ ಹಿಂದೆ ಬಂದು ಕೂತರು. ದಾವಲ್‌ಸಾಬ್ ಹೊಸಿಲಾಚೆ ತನ್ನ ರೀತಿಯಲ್ಲಿ ಎರಡೂ ಕೈ ತೆರೆದು ನಿಂತ. ದುರುಗಪ್ಪ ಅವನ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದ. ನಾನು ಕಣ್ಣು ಮುಚ್ಚಿ ಬೇಡಿಕೊಂಡೆ:

ತಂದೆಯೇ, ನೀನು ಕೊಟ್ಟ ಮಗನನ್ನು ನಿನ್ನ ಕೈಗೇ ಒಪ್ಪಿಸಿದ್ದೇನೆ. ಬಿಸಿಲಲ್ಲಿ ದುಡಿದು ಬಂದವನು, ನಿನ್ನ ನೆರಳಲ್ಲಿ ಕೂರಿಸಿಕೋ. ಅವನನ್ನು ನೆನೆದು ಅಳುವವರ ಮೇಲೆ ಅವನಿಗೆ ಚಿಂತೆ ಉಳಿಯದಿರಲಿ. ಇವರನ್ನು ನಾನಿರುವವರೆಗೆ ನಾನು ನೋಡಿಕೊಳ್ಳುತ್ತೇನೆ, ಆಮೇಲೆ ನೀನು ನೋಡಿಕೋ. ಗುರುಬಸವನ ಆತ್ಮ ನಿನ್ನಲ್ಲಿ ಬೆರೆತು ತಣ್ಣಗಿರಲಿ, ಶಿವನೇ.